ಗರ್ಭನಿರೋಧಕ ಮಾತ್ರೆ ಬಿಟ್ಟು ಐದು ತಿಂಗಳಾದರೂ ಮುಟ್ಟು ಬಂದಿಲ್ಲ: ಇನ್ನೆಷ್ಟು ದಿನ ಕಾಯಬೇಕು?

ಹೊಂಗಿರಣ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೀಗ 28 ವರ್ಷ. ಐದು ವರ್ಷ ಸತತವಾಗಿ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡು, ಐದು ತಿಂಗಳ ಹಿಂದೆ ನಿಲ್ಲಿಸಿದೆ. ನಾನು ತೆಗೆದುಕೊಳ್ಳುತ್ತಿದ್ದದ್ದು 21 ದಿನ ನುಂಗಿ 7 ದಿನ ಬಿಡುವ, ಎರಡು ಹಾರ್ಮೋನುಗಳಿರುವ ಸಾಮಾನ್ಯ ಮಾತ್ರೆ. ಕೊನೆಯ ಮಾತ್ರೆ ನುಂಗಿದ ಮೂರನೆಯ ದಿನ ಸ್ರಾವ ಶುರುವಾಗಿ ನಾಲ್ಕು ದಿನ ಇತ್ತು. ಅದಾದ ಮೇಲೆ ಇವತ್ತಿನವರೆಗೆ ಒಂದು ಹನಿಯೂ ಕಂಡಿಲ್ಲ. ಮಾತ್ರೆ ಶುರು ಮಾಡುವ ಮೊದಲು ನನಗೆ 28ರಿಂದ 30 ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುತ್ತಿತ್ತು.

ಮನೆಯಲ್ಲಿ ಎರಡು ಬಾರಿ ಗರ್ಭ ಪರೀಕ್ಷೆ ಮಾಡಿಕೊಂಡೆ, ಎರಡೂ ನೆಗೆಟಿವ್. ಕಳೆದ ತಿಂಗಳು ವೈದ್ಯರೊಬ್ಬರನ್ನು ಕಂಡಾಗ ಸ್ಕ್ಯಾನ್ ಮಾಡಿಸಿದರು. ಎರಡೂ ಅಂಡಾಶಯಗಳಲ್ಲಿ ಸಣ್ಣ ಸಣ್ಣ ಕೋಶಕಗಳು ಬಹಳ ಇವೆ, ಇದು ಪಿಸಿಓಡಿ, ತೂಕ ಇಳಿಸಿ, ವ್ಯಾಯಾಮ ಹೆಚ್ಚಿಸಿ ಎಂದರು. ಮುಟ್ಟು ಬರಿಸುವುದಕ್ಕೆಂದು ಒಂದು ಮಾತ್ರೆಯನ್ನು ಐದು ದಿನ ಕೊಟ್ಟರು. ಆ ಕೋರ್ಸ್ ಮುಗಿದು ಎರಡು ವಾರವಾದರೂ ಏನೂ ಆಗಲಿಲ್ಲ. ಇನ್ನೂ ಕಾಯಬೇಕೇ, ಬೇರೆಯವರಿಗೆ ತೋರಿಸಬೇಕೇ? ಯಾವುದೂ ತೋಚುತ್ತಿಲ್ಲ.

ಬೆಳ್ಳಿಚುಕ್ಕಿ

ಗಾಬರಿಯಾಗಬೇಡಿ. ಐದು ವರ್ಷ ತೆಗೆದುಕೊಂಡಿದ್ದೀರಿ, ಅಷ್ಟು ಕಾಲದ ಹಾರ್ಮೋನು ಮೈಯಿಂದ ಇಳಿದುಹೋಗುವುದಕ್ಕೂ ಸಮಯ ಬೇಕಲ್ಲವೇ? ಎಷ್ಟು ವರ್ಷ ಮಾತ್ರೆ ತೆಗೆದುಕೊಂಡಿರುತ್ತೇವೋ ಅಷ್ಟು ತಿಂಗಳು ಕಾಯಬೇಕು ಎಂದು ನನಗೆ ಹಿರಿಯರೊಬ್ಬರು ಹೇಳಿದ್ದರು. ನಾನು ಮೂರು ವರ್ಷ ತೆಗೆದುಕೊಂಡಿದ್ದೆ, ಸರಿಯಾಗಿ ಮೂರನೆಯ ತಿಂಗಳಿಗೆ ಮುಟ್ಟಾಯಿತು. ಆ ಲೆಕ್ಕದಲ್ಲಿ ನಿಮಗೆ ಇನ್ನೇನು ಬರುವ ಹೊತ್ತು. ಆರನೆಯ ತಿಂಗಳಿಗೂ ಬರದಿದ್ದರೆ ಆಗ ಯೋಚಿಸಿ.

ಮಾಲತಿ ಕೆ.

ನನ್ನ ಅನುಭವವನ್ನೂ ಹೇಳುತ್ತೇನೆ. ನಾನು ನಿಲ್ಲಿಸಿದ ಮೇಲೆ ಒಂಬತ್ತು ತಿಂಗಳು ಮುಟ್ಟಾಗಲಿಲ್ಲ, ಹತ್ತನೆಯ ತಿಂಗಳು ತಾನಾಗಿಯೇ ಬಂತು, ಒಂದು ಔಷಧಿಯನ್ನೂ ತೆಗೆದುಕೊಳ್ಳಲಿಲ್ಲ. ನಾನು ಬಳಸುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್. ಹಾಗಾಗಿ ಒಂದು ವರ್ಷದವರೆಗೆ ನಿಶ್ಚಿಂತೆಯಿಂದ ಕಾಯಿರಿ ಎಂಬುದೇ ನನ್ನ ಸಲಹೆ.

ಶಾರದಾ ಭಟ್

ನಾನು ಸ್ತ್ರೀರೋಗ ವೈದ್ಯೆಯಾಗಿ ಹಲವು ವರ್ಷ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ಮೇಲಿನ ಎರಡು ಉತ್ತರಗಳು ಪ್ರೀತಿಯಿಂದ ಬಂದವು, ಆದರೆ ಎರಡನ್ನೂ ಸ್ವಲ್ಪ ತಿದ್ದಬೇಕಾಗಿದೆ.

ಮಾಲತಿಯವರೇ, ಇಂಜೆಕ್ಷನ್ನಿನ ವಿಚಾರವೇ ಬೇರೆ. ಅದರ ಔಷಧಿ ಸ್ನಾಯುವಿನಲ್ಲಿ ಸಂಗ್ರಹವಾಗಿ ಕುಳಿತು ನಿಧಾನವಾಗಿ ರಕ್ತಕ್ಕೆ ಸೇರುತ್ತಿರುತ್ತದೆ. ಆದ್ದರಿಂದ ಕೊನೆಯ ಇಂಜೆಕ್ಷನ್ ಆಗಿ ಒಂಬತ್ತು ಹತ್ತು ತಿಂಗಳು, ಕೆಲವರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಟ್ಟು ಬರದಿರುವುದು ನಿರೀಕ್ಷಿತವೇ. ನುಂಗುವ ಮಾತ್ರೆಗೆ ಅಂಥ ಸಂಗ್ರಹವಿಲ್ಲ. ಅದರ ಹಾರ್ಮೋನು ಕೆಲವೇ ದಿನಗಳಲ್ಲಿ ದೇಹದಿಂದ ಹೊರಟುಹೋಗುತ್ತದೆ, ಐದು ವರ್ಷ ತೆಗೆದುಕೊಂಡವರಿಗೂ ಐದು ತಿಂಗಳು ತೆಗೆದುಕೊಂಡವರಿಗೂ ಇದು ಒಂದೇ. ವರ್ಷಕ್ಕೊಂದು ತಿಂಗಳು ಎಂಬ ಲೆಕ್ಕಕ್ಕೆ ಆಧಾರವಿಲ್ಲ. ಬೆಳ್ಳಿಚುಕ್ಕಿಯವರು ಹೇಳಿದ್ದರಲ್ಲಿ ಸರಿಯಾದ ಅಂಶವೂ ಒಂದಿದೆ: ಮಿದುಳು ಮತ್ತು ಅಂಡಾಶಯಗಳ ನಡುವೆ ನಿಂತುಹೋಗಿದ್ದ ಸಂಜ್ಞೆ ಮತ್ತೆ ಲಯಕ್ಕೆ ಬರಲು ಕೆಲವರಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಹೆಚ್ಚಿನವರಿಗೆ ನಾಲ್ಕರಿಂದ ಎಂಟು ವಾರದೊಳಗೆ ಮುಟ್ಟಾಗುತ್ತದೆ, ಮೂರು ತಿಂಗಳು ತುಂಬುವಷ್ಟರಲ್ಲಿ ಬಹುತೇಕ ಎಲ್ಲರಿಗೂ ಆಗಿರುತ್ತದೆ.

ಹೊಂಗಿರಣ ಅವರೇ, ಕೊನೆಯ ಮಾತ್ರೆಯ ಮೂರನೆಯ ದಿನ ಕಂಡ ಸ್ರಾವವನ್ನು ಮುಟ್ಟೆಂದು ಎಣಿಸಬೇಡಿ. ಹಾರ್ಮೋನು ಏಕಾಏಕಿ ನಿಂತದ್ದರಿಂದ ಗರ್ಭಕೋಶದ ಒಳಪದರ ಕಳಚಿದ್ದಷ್ಟೇ ಅದು. ಮಾತ್ರೆಯ ಐದು ವರ್ಷಗಳಲ್ಲಿ ತಿಂಗಳು ತಿಂಗಳೂ ಕಂಡದ್ದೂ ಇದೇ ಬಗೆಯ ಸ್ರಾವ. ಅಂದರೆ ನಿಮ್ಮ ಸ್ವಂತ ಋತುಚಕ್ರ ಹೇಗಿದೆಯೆಂದು ಐದು ವರ್ಷದಿಂದ ಯಾರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಈ ಅವಧಿಯಲ್ಲಿ ದೇಹದಲ್ಲಿ ಏನಾದರೂ ಬದಲಾಗಿದ್ದರೆ ಮಾತ್ರೆ ಅದನ್ನು ಮುಚ್ಚಿಟ್ಟಿರುತ್ತದೆ, ಬಿಟ್ಟ ಮೇಲೆ ಅದು ಹೊರಗೆ ಕಾಣುತ್ತದೆ, ಆಗ ಎಲ್ಲರೂ ಮಾತ್ರೆಯನ್ನೇ ದೂರುತ್ತಾರೆ.

ಮೊದಲು ಚಕ್ರ ಕ್ರಮವಾಗಿದ್ದವರು ಮೂರು ತಿಂಗಳು ಕಾದು ಪರೀಕ್ಷೆ ಮಾಡಿಸಬೇಕು. ನೀವು ಆ ಗಡಿ ದಾಟಿದ್ದೀರಿ. ನನಗೆ ನಾಲ್ಕು ವಿಷಯ ತಿಳಿಸಿ. ಮಾತ್ರೆ ಶುರು ಮಾಡಿದಾಗ ನಿಮ್ಮ ತೂಕ ಎಷ್ಟಿತ್ತು, ಈಗ ಎಷ್ಟು, ಎತ್ತರವೆಷ್ಟು? ದಿನವೂ ಎಷ್ಟು ವ್ಯಾಯಾಮ ಮಾಡುತ್ತೀರಿ? ಮುಖದಲ್ಲಿ ಕೂದಲು, ಮೊಡವೆ ಹೆಚ್ಚಾಗಿವೆಯೇ? ಸ್ತನದಿಂದ ಹಾಲಿನಂಥ ದ್ರವ ಬರುವುದು, ತಲೆನೋವು, ಮೈ ಬಿಸಿಯೇರಿ ಬೆವರುವುದು ಇವುಗಳಲ್ಲಿ ಯಾವುದಾದರೂ ಇದೆಯೇ?

ನೀಲಗಿರಿ_84

ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು, ಏಕೆಂದರೆ ಇದನ್ನು ನಾನು ಅನುಭವಿಸಿದ್ದೇನೆ. ಮಾತ್ರೆ ಬಿಟ್ಟ ಮೇಲೆ ಮುಟ್ಟಾಗಿಲ್ಲ, ಅಂದ ಮೇಲೆ ಗರ್ಭ ನಿಲ್ಲುವುದು ಹೇಗೆ ಎಂದು ನಾನು ನಾಲ್ಕು ತಿಂಗಳು ಸುಮ್ಮನಿದ್ದೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ 14 ವಾರದ ಗರ್ಭ. ಮೊದಲ ಮುಟ್ಟಿಗೆ ಎರಡು ವಾರ ಮುಂಚೆಯೇ ಅಂಡಾಣು ಬಿಡುಗಡೆಯಾಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಶುರುವಿನಲ್ಲಿ ಒಮ್ಮೆ ಮಾಡಿದ ಪರೀಕ್ಷೆ ನೆಗೆಟಿವ್ ಬಂದಿತ್ತು, ಅದನ್ನೇ ನೆಚ್ಚಿಕೊಂಡಿದ್ದೆ. ಮಗು ಈಗ ಚೆನ್ನಾಗಿದೆ, ಆದರೆ ಆ ನಾಲ್ಕು ತಿಂಗಳು ನಾನು ಏನೇನು ಔಷಧಿ ನುಂಗಿದೆನೋ ಎಂದು ನೆನೆದರೆ ಈಗಲೂ ಭಯವಾಗುತ್ತದೆ.

ಶಾರದಾ ಭಟ್

ನೀಲಗಿರಿಯವರ ಮಾತು ಪೂರ್ತಿ ಸತ್ಯ. ಮುಟ್ಟು ಬಾರದಿರುವುದು ಗರ್ಭನಿರೋಧಕವಲ್ಲ. ಒಮ್ಮೆ ನೆಗೆಟಿವ್ ಬಂದದ್ದು ಆ ದಿನಕ್ಕೆ ಮಾತ್ರ ಸಲ್ಲುತ್ತದೆ. ರಕ್ಷಣೆಯಿಲ್ಲದೆ ಕೂಡಿದ ದಿನದಿಂದ ಮೂರು ವಾರ ಕಳೆದು ಮಾಡಿದ ಪರೀಕ್ಷೆಯನ್ನು ನಂಬಬಹುದು. ಮತ್ತೆ ಕೂಡಿದರೆ ಮತ್ತೆ ಮೂರು ವಾರ ಬಿಟ್ಟು ಮಾಡಬೇಕು.

ಹೊಂಗಿರಣ

ಇಷ್ಟು ವಿವರವಾಗಿ ಕೇಳಿದ್ದಕ್ಕೆ ಧನ್ಯವಾದಗಳು ಮೇಡಂ. ನನ್ನ ಎತ್ತರ 163 ಸೆಂಟಿಮೀಟರ್. ಮಾತ್ರೆ ಶುರು ಮಾಡಿದಾಗ 58 ಕಿಲೋ ಇದ್ದೆ, ಈಗ 49. ಎರಡು ವರ್ಷದಿಂದ ಓಟ ಅಭ್ಯಾಸ ಮಾಡುತ್ತಿದ್ದೇನೆ, ವಾರದಲ್ಲಿ ಐದು ದಿನ, ದಿನಕ್ಕೆ ಎಂಟರಿಂದ ಹತ್ತು ಕಿಲೋಮೀಟರ್. ಊಟದಲ್ಲಿ ಅಕ್ಕಿ, ಎಣ್ಣೆ, ಸಿಹಿ ಬಹಳ ಕಡಿಮೆ ಮಾಡಿದ್ದೇನೆ. ಮುಖದಲ್ಲಿ ಕೂದಲಿಲ್ಲ, ಮೊಡವೆಯೂ ಇಲ್ಲ. ಹಾಲು, ತಲೆನೋವು, ಬೆವರು ಯಾವುದೂ ಇಲ್ಲ. ಬೆಳಿಗ್ಗೆ ಬಹಳ ಚಳಿಯೆನಿಸುತ್ತದೆ, ನಿದ್ದೆ ಮಧ್ಯದಲ್ಲಿ ಎಚ್ಚರವಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ. ಪಿಸಿಓಡಿ ಎಂದು ಕೇಳಿದ ಮೇಲೆ ಹೆದರಿ, ಓಟವನ್ನು ಇನ್ನೂ ಒಂದು ದಿನ ಹೆಚ್ಚಿಸಿದ್ದೇನೆ.

ಶಾರದಾ ಭಟ್

ದಯವಿಟ್ಟು ಆ ಹೆಚ್ಚಿಸಿದ ಒಂದು ದಿನವನ್ನು ಇಂದೇ ಬಿಟ್ಟುಬಿಡಿ. ನಿಮ್ಮನ್ನು ಪರೀಕ್ಷಿಸದೆ ನಾನು ರೋಗನಿರ್ಣಯ ಮಾಡಲಾರೆ, ಆದರೆ ನೀವು ಹೇಳಿದ್ದರಲ್ಲಿ ಪಿಸಿಓಡಿಗೆ ಹೊಂದದ ಸಂಗತಿಗಳೇ ಹೆಚ್ಚಾಗಿವೆ.

ನಿಮ್ಮ ತೂಕವನ್ನು ಎತ್ತರದೊಂದಿಗೆ ಲೆಕ್ಕ ಹಾಕಿದರೆ ಬಿಎಂಐ 21.8 ಇದ್ದದ್ದು 18.4ಕ್ಕೆ ಇಳಿದಿದೆ. ತಿಂದು ಪಡೆಯುವ ಶಕ್ತಿಗಿಂತ ದೇಹ ಖರ್ಚು ಮಾಡುವ ಶಕ್ತಿ ಹೆಚ್ಚಾಗಿ, ಅದು ತಿಂಗಳುಗಟ್ಟಲೆ ಮುಂದುವರಿದರೆ, ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಸಂತಾನೋತ್ಪತ್ತಿಯ ಕೆಲಸವನ್ನು ಮುಂದೂಡುತ್ತದೆ. ಅಂಡಾಶಯಕ್ಕೆ ಹೋಗಬೇಕಾದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಸಂಜ್ಞೆಗಳು ಕ್ಷೀಣಿಸುತ್ತವೆ, ಈಸ್ಟ್ರೊಜೆನ್ ತಯಾರಾಗುವುದಿಲ್ಲ, ಒಳಪದರ ಬೆಳೆಯುವುದಿಲ್ಲ. ಮಾತ್ರೆ ನುಂಗುತ್ತಿದ್ದಷ್ಟು ಕಾಲ ಅದರ ಹಾರ್ಮೋನೇ ಒಳಪದರ ಬೆಳೆಸಿ ತಿಂಗಳ ಸ್ರಾವ ಕೊಡುತ್ತಿದ್ದುದರಿಂದ, ಎರಡು ವರ್ಷದ ಹಿಂದೆಯೇ ಚಕ್ರ ನಿಲ್ಲುವ ಸ್ಥಿತಿ ಬಂದಿದ್ದರೂ ನಿಮಗೆ ತಿಳಿಯುವ ದಾರಿ ಇರಲಿಲ್ಲ.

ಈಗ ಸ್ಕ್ಯಾನಿನ ವಿಷಯ. ಸಂಜ್ಞೆ ದುರ್ಬಲವಾದಾಗ ಅಂಡಾಶಯದ ಕೋಶಕಗಳು ಅರ್ಧ ಬೆಳೆದು ಅಲ್ಲೇ ನಿಲ್ಲುವುದರಿಂದ, ಇಂಥವರ ಅಂಡಾಶಯದಲ್ಲೂ ಸಣ್ಣ ಕೋಶಕಗಳು ಬಹಳ ಕಾಣುತ್ತವೆ. ಎಳೆಯ ವಯಸ್ಸಿನ ಆರೋಗ್ಯವಂತ ಹೆಂಗಸರಲ್ಲೂ ಕಾಣುವುದುಂಟು. ಆ ಒಂದು ಚಿತ್ರವನ್ನು ನೋಡಿ ಪಿಸಿಓಡಿ ಎಂದು ಬರೆದು, ಈಗಾಗಲೇ ಸೊರಗಿದವರಿಗೆ ತೂಕ ಇಳಿಸಿ ಎಂದದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಪ್ರತಿ ಬಾರಿಯೂ ಮನಸ್ಸಿಗೆ ನೋವಾಗಿದೆ, ಏಕೆಂದರೆ ಆ ಸಲಹೆ ಕಾಯಿಲೆಯನ್ನೇ ಬೆಳೆಸುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಒಳಪದರದ ದಪ್ಪ ಎಷ್ಟು ಬರೆದಿದ್ದಾರೆ ನೋಡಿ. ಪಿಸಿಓಡಿಯಲ್ಲಿ ಈಸ್ಟ್ರೊಜೆನ್ ಇರುತ್ತದೆ, ಒಳಪದರ ಸಾಮಾನ್ಯವಾಗಿ ದಪ್ಪಗಿರುತ್ತದೆ. ಹಾರ್ಮೋನಿನ ಕೊರತೆಯಲ್ಲಿ ಅದು ಕಾಗದದಂತೆ ತೆಳ್ಳಗಿರುತ್ತದೆ.

ನಿಮಗೆ ಐದು ದಿನ ಕೊಟ್ಟ ಮಾತ್ರೆ ಪ್ರೊಜೆಸ್ಟರಾನ್ ಬಗೆಯದ್ದಾಗಿರಬೇಕು. ಅದು ಮುಟ್ಟನ್ನು ಸೃಷ್ಟಿಸುವುದಿಲ್ಲ, ಮೊದಲೇ ಬೆಳೆದಿರುವ ಒಳಪದರವನ್ನು ಕಳಚಿಸುತ್ತದೆ. ಕಳಚಲು ಏನೂ ಇಲ್ಲದಿದ್ದರೆ ಸ್ರಾವ ಬರುವುದಿಲ್ಲ. ಹಾಗಾಗಿ ಏನೂ ಆಗಲಿಲ್ಲ ಎಂದು ನೀವು ನಿರಾಶರಾದ ಆ ಎರಡು ವಾರವೇ ನಮಗೆ ಒಂದು ಸುಳಿವು ಕೊಟ್ಟಿದೆ. ಇದಕ್ಕೆ ಇನ್ನೊಂದು ಕಾರಣವೂ ಇರಬಹುದು: ಗರ್ಭಕೋಶ ಸ್ವಚ್ಛ ಮಾಡಿಸುವ ಶಸ್ತ್ರಕ್ರಿಯೆ ಆಗಿದ್ದರೆ ಒಳಗೆ ಅಂಟಿಕೊಂಡಿರುವ ಸಾಧ್ಯತೆಯುಂಟು. ನಿಮಗೆ ಅಂಥದ್ದೇನಾದರೂ ಆಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಮಾಡಿಸಬೇಕಾದದ್ದು ಹೆಚ್ಚೇನಿಲ್ಲ. ಗರ್ಭ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಒಂದೇ ಬಾರಿಯ ರಕ್ತದಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಾಡಿಯೋಲ್ ಎಂಬ ಮುಖ್ಯ ಈಸ್ಟ್ರೊಜೆನ್, ಹಾಲು ತರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್, ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ನೋಡಿಸಿ. ಎಫ್‌ಎಸ್‌ಎಚ್ ಬಹಳ ಹೆಚ್ಚಿದ್ದರೆ, ಅಂದರೆ 25ಕ್ಕಿಂತ ಮೇಲಿದ್ದರೆ, ಅಂಡಾಶಯವೇ ಬೇಗ ದಣಿಯುತ್ತಿದೆಯೇ ಎಂದು ತಿಳಿಯಲು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕಾಗಬಹುದು. ಪ್ರೊಲ್ಯಾಕ್ಟಿನ್ ತುಸು ಹೆಚ್ಚು ಬಂದರೆ ಹೆದರಬೇಡಿ, ಆತಂಕದಿಂದಲೂ, ವಾಂತಿ ನಿಲ್ಲಿಸುವ ಕೆಲವು ಮಾತ್ರೆಗಳಿಂದಲೂ ಅದು ಏರುತ್ತದೆ.

ಬೆಳ್ಳಿಚುಕ್ಕಿ

ನನ್ನ ಲೆಕ್ಕ ತಪ್ಪೆಂದು ಒಪ್ಪುತ್ತೇನೆ. ಆದರೂ ಒಂದು ಸಂದೇಹ ಉಳಿದಿದೆ. ಇಷ್ಟೆಲ್ಲ ಪರೀಕ್ಷೆಗಿಂತ ಎರಡು ಮೂರು ತಿಂಗಳು ಮತ್ತೆ ಅದೇ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಚಕ್ರ ಸರಿಹೋಗುವುದಿಲ್ಲವೇ? ನನ್ನ ತಂಗಿಗೆ ಹಾಗೆ ಮಾಡಿದ್ದರು, ತಿಂಗಳು ತಿಂಗಳೂ ಬರುತ್ತಿದೆ.

ಶಾರದಾ ಭಟ್

ಬರುವುದು ಖಂಡಿತ ಬರುತ್ತದೆ, ಆದರೆ ಅದು ಮಾತ್ರೆ ಕೊಟ್ಟ ಸ್ರಾವ. ಬಿಟ್ಟ ದಿನ ಪ್ರಶ್ನೆ ಇದ್ದಲ್ಲೇ ಇರುತ್ತದೆ, ನಡುವೆ ಕಾಲ ಮಾತ್ರ ಕಳೆದಿರುತ್ತದೆ. ನಿಮ್ಮ ತಂಗಿಗೆ ಬೇರೆ ಕಾರಣಕ್ಕೆ ಕೊಟ್ಟಿರಬಹುದು, ಪಿಸಿಓಡಿಯಲ್ಲಿ ಅದು ಸರಿಯಾದ ಚಿಕಿತ್ಸೆಯೇ. ಅಲ್ಲಿ ಒಳಪದರ ಬೆಳೆಯುತ್ತಲೇ ಇದ್ದು ಕಳಚದಿದ್ದರೆ ಅಪಾಯ, ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ಸ್ರಾವವಾಗುವಂತೆ ನೋಡಿಕೊಳ್ಳುತ್ತೇವೆ. ಹೊಂಗಿರಣ ಅವರದ್ದು ನಾನು ಶಂಕಿಸುವ ಸ್ಥಿತಿಯಾದರೆ ಅಪಾಯ ಮೂಳೆಗೆ. ಈಸ್ಟ್ರೊಜೆನ್ ಇಲ್ಲದೆ ತಿಂಗಳುಗಳು ಉರುಳಿದರೆ ಮೂಳೆ ಸವೆಯುತ್ತದೆ. ಈ ಸ್ಥಿತಿಯಲ್ಲಿ ಮೂಳೆಯನ್ನು ಕಾಪಾಡುವುದಕ್ಕೆಂದು ಗರ್ಭನಿರೋಧಕ ಮಾತ್ರೆ ಕೊಡಬಾರದು ಎಂದೇ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಸೂಚಿಸುತ್ತದೆ.

ಸಿಸ್ಟರ್ ಗೌರಿ

ನಾನು ಸ್ತ್ರೀರೋಗ ವಿಭಾಗದಲ್ಲಿ ದಾದಿ. ಮೇಡಂ ಹೇಳಿದ್ದನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ನಮ್ಮಲ್ಲಿ ಮಾತ್ರೆ ಬಿಟ್ಟವರಿಗೆ ಆರು ತಿಂಗಳು ಕಾಯಲು ಹೇಳುತ್ತಾರೆ. ಮೂರು ತಿಂಗಳಿಗೇ ಪರೀಕ್ಷೆ ಬರೆದರೆ, ನಾಲ್ಕನೆಯ ತಿಂಗಳು ತಾನಾಗಿಯೇ ಮುಟ್ಟಾಗುವ ಎಷ್ಟೋ ಜನರನ್ನು ವೃಥಾ ಹೆದರಿಸಿದಂತಾಗುತ್ತದೆ ಎಂಬುದು ಅವರ ವಾದ. ಮಾತ್ರೆ ಬಿಟ್ಟ ಹೊಸತರಲ್ಲಿ ಪುರುಷ ಹಾರ್ಮೋನಿನ ಪರೀಕ್ಷೆ ಮಾಡಿಸಿದರೆ ಫಲಿತಾಂಶವನ್ನು ನಂಬಲಾಗದು ಎಂಬುದನ್ನೂ ಕೇಳಿದ್ದೇನೆ.

ಶಾರದಾ ಭಟ್

ಗೌರಿಯವರೇ, ಎರಡನೆಯ ಮಾತು ಬಹಳ ಉಪಯುಕ್ತವಾದದ್ದು. ಮಾತ್ರೆಯ ಪ್ರಭಾವದಿಂದ ಆ ಹಾರ್ಮೋನು ಕಡಿಮೆ ಕಾಣುತ್ತದೆ, ಅದಕ್ಕೆಂದೇ ಮೂರು ತಿಂಗಳು ಬಿಟ್ಟು ನೋಡುವುದು. ಮೊದಲ ಮಾತಿನಲ್ಲಿ ವೈದ್ಯರೊಳಗೇ ಒಮ್ಮತವಿಲ್ಲ. ಮಾತ್ರೆಗೆ ಮುಂಚೆಯೂ ಚಕ್ರ ಏರುಪೇರಾಗಿದ್ದವರಿಗೆ ನಾನೂ ಆರು ತಿಂಗಳು ಎನ್ನುತ್ತೇನೆ. ಕ್ರಮವಾಗಿದ್ದವರಿಗೆ ಮೂರು ಎನ್ನುತ್ತೇನೆ, ಏಕೆಂದರೆ ಅವರಲ್ಲಿ ಬದಲಾವಣೆ ಆಗಿದೆಯೆಂದರೆ ಅದಕ್ಕೊಂದು ಕಾರಣವಿರುವ ಸಂಭವ ಹೆಚ್ಚು. ತೂಕ ಇಳಿದಿದ್ದರೆ, ಹಾಲು ಸ್ರವಿಸುತ್ತಿದ್ದರೆ, ಮೈ ಬಿಸಿಯೇರುತ್ತಿದ್ದರೆ ಮೂರು ತಿಂಗಳೂ ಕಾಯಬೇಕಿಲ್ಲ.

ಸಿಸ್ಟರ್ ಗೌರಿ

ಲಕ್ಷಣವಿದ್ದವರ ವಿಷಯದಲ್ಲಿ ಒಪ್ಪಿದೆ. ಯಾವ ಲಕ್ಷಣವೂ ಇಲ್ಲದವರಿಗೆ ಆರು ತಿಂಗಳೇ ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹೊಂಗಿರಣ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಬೇರೆ ವೈದ್ಯರ ಬಳಿ ಹೋಗಿ ಪರೀಕ್ಷೆ ಮಾಡಿಸಿದೆ. ಗರ್ಭ ಪರೀಕ್ಷೆ ನೆಗೆಟಿವ್. ಎಫ್‌ಎಸ್‌ಎಚ್ 4.1, ಎಲ್‌ಎಚ್ 0.9, ಈಸ್ಟ್ರಾಡಿಯೋಲ್ 20ಕ್ಕಿಂತ ಕಡಿಮೆ. ಪ್ರೊಲ್ಯಾಕ್ಟಿನ್ ಸರಿಯಾಗಿದೆ, ಟಿಎಸ್‌ಎಚ್ 1.8. ಹಳೆಯ ಸ್ಕ್ಯಾನ್ ರಿಪೋರ್ಟನ್ನು ಹುಡುಕಿ ತೆಗೆದಾಗ ಕೆಳಗಿನ ಸಾಲಿನಲ್ಲಿ ಒಳಪದರ 3 ಮಿಲಿಮೀಟರ್ ಎಂದು ಬರೆದಿತ್ತು. ಅಂದು ಆ ಸಾಲಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಗರ್ಭಕೋಶಕ್ಕೆ ಯಾವ ಶಸ್ತ್ರಕ್ರಿಯೆಯೂ ಆಗಿಲ್ಲ ಮೇಡಂ.

ಹೊಸ ವೈದ್ಯರೂ ನೀವು ಹೇಳಿದ್ದನ್ನೇ ಹೇಳಿದರು. ಓಟವನ್ನು ವಾರಕ್ಕೆ ಎರಡು ದಿನಕ್ಕೆ, ತಲಾ ನಾಲ್ಕು ಕಿಲೋಮೀಟರಿಗೆ ಇಳಿಸಿದ್ದೇನೆ. ಓಟದ ಮೊದಲು ಮತ್ತು ನಂತರ ತಪ್ಪದೆ ಏನಾದರೂ ತಿನ್ನಬೇಕು, ಬೆಳಗಿನ ತಿಂಡಿ ಬಿಡಬಾರದು ಎಂದಿದ್ದಾರೆ. ಆರು ತಿಂಗಳು ತುಂಬಿದ ಮೇಲೆ ಮೂಳೆಯ ಸಾಂದ್ರತೆ ನೋಡುವ ಸ್ಕ್ಯಾನ್ ಆಗಬೇಕಂತೆ. ಎಷ್ಟು ತೂಕ ಬಂದರೆ ಮುಟ್ಟು ಮರಳುತ್ತದೆ ಎಂದು ಕೇಳಿದ್ದಕ್ಕೆ ಅವರು ಅಂಕಿ ಹೇಳಲಿಲ್ಲ.

ಶಾರದಾ ಭಟ್

ನಿಮ್ಮ ಎಫ್‌ಎಸ್‌ಎಚ್ ಏರಿಲ್ಲ, ಅಂದರೆ ಅಂಡಾಶಯ ಕೈಬಿಟ್ಟಿಲ್ಲ. ಎಲ್‌ಎಚ್ ಮತ್ತು ಈಸ್ಟ್ರಾಡಿಯೋಲ್ ಎರಡೂ ತಳ ಹಿಡಿದಿವೆ, ಮೇಲಿನಿಂದ ಸಂಜ್ಞೆ ಬರುತ್ತಿಲ್ಲ ಎಂಬುದಕ್ಕೆ ಇದು ಸರಿಹೊಂದುತ್ತದೆ. ಅಂಕಿ ಹೇಳದಿದ್ದದ್ದು ಪ್ರಾಮಾಣಿಕತೆಯೇ, ಏಕೆಂದರೆ ಅದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಮೊದಲು ಕ್ರಮವಾಗಿ ಮುಟ್ಟಾಗುತ್ತಿದ್ದಾಗ ಇದ್ದ ತೂಕದ ಹತ್ತಿರಕ್ಕೆ ಹೋಗಬೇಕಾಗಬಹುದು, ಕೆಲವರಿಗೆ ಅದಕ್ಕಿಂತ ಮುಂಚೆಯೇ ಮರಳುತ್ತದೆ. ತೂಕ ಬಂದ ಮೇಲೂ ಕೆಲವು ತಿಂಗಳು ಹಿಡಿಯುವುದುಂಟು. ಇಲ್ಲಿ ಕಾಯುವುದಕ್ಕೆ ಅರ್ಥವಿದೆ, ಏಕೆಂದರೆ ಕಾರಣ ಗೊತ್ತಿದ್ದು ಅದನ್ನು ಸರಿಪಡಿಸುತ್ತಾ ಕಾಯುತ್ತಿದ್ದೀರಿ.

ಆರು ತಿಂಗಳಿಂದ ಒಂದು ವರ್ಷ ಹೀಗೆ ನಡೆದುಕೊಂಡೂ ಬಾರದಿದ್ದರೆ, ಚರ್ಮಕ್ಕೆ ಅಂಟಿಸುವ ಈಸ್ಟ್ರೊಜೆನ್ ಪಟ್ಟಿಯ ಜೊತೆಗೆ ಆಗಾಗ ಪ್ರೊಜೆಸ್ಟರಾನ್ ಕೊಡುವ ಬಗ್ಗೆ ನಿಮ್ಮ ವೈದ್ಯರು ಯೋಚಿಸಬಹುದು.

ಮಾಲತಿ ಕೆ.

ನಾನು ಇಂಜೆಕ್ಷನ್ನಿನ ಅನುಭವವನ್ನು ಮಾತ್ರೆಗೆ ಅನ್ವಯಿಸಿ ಒಂದು ವರ್ಷ ಕಾಯಿರಿ ಎಂದುಬಿಟ್ಟಿದ್ದೆ. ಇದನ್ನು ಓದುವ ಬೇರೆಯವರು ಆ ಮಾತನ್ನು ಹಿಡಿದುಕೊಳ್ಳದಿರಲಿ ಎಂದು ಇಲ್ಲೇ ಹಿಂತೆಗೆದುಕೊಳ್ಳುತ್ತಿದ್ದೇನೆ.

ಹೊಂಗಿರಣ

ಮಾತ್ರೆ ಬಿಟ್ಟು ಈಗ ಒಂಬತ್ತು ತಿಂಗಳು. ತೂಕ 53 ಕಿಲೋ ಆಗಿದೆ. ಬೆಳಗಿನ ಚಳಿ ಹೋಗಿದೆ, ರಾತ್ರಿ ನಿದ್ದೆ ಒಂದೇ ಸಮನೆ ಬರುತ್ತದೆ. ಮುಟ್ಟು ಇನ್ನೂ ಬಂದಿಲ್ಲ. ಮೂಳೆಯ ಸ್ಕ್ಯಾನಿನಲ್ಲಿ ಸೊಂಟದ ಬಳಿಯ ಬೆನ್ನುಮೂಳೆ ನನ್ನ ವಯಸ್ಸಿಗೆ ಇರಬೇಕಾದದ್ದಕ್ಕಿಂತ ತುಸು ಕಡಿಮೆ ಇದೆ, ವರ್ಷದ ಮೇಲೆ ಮತ್ತೆ ನೋಡೋಣ ಎಂದಿದ್ದಾರೆ. ಕಳೆದ ವಾರದ ರಕ್ತಪರೀಕ್ಷೆಯಲ್ಲಿ ಎಲ್‌ಎಚ್ 3.2, ಈಸ್ಟ್ರಾಡಿಯೋಲ್ 46, ಒಳಪದರ 6 ಮಿಲಿಮೀಟರ್. ಎರಡು ದಿನದಿಂದ ಮೊಟ್ಟೆಯ ಬಿಳಿಯಂಥ ಜಾರುವ ದ್ರವ ಕಾಣಿಸುತ್ತಿದೆ, ಮಾತ್ರೆಗೆ ಮುಂಚೆ ತಿಂಗಳ ಮಧ್ಯದಲ್ಲಿ ಕಾಣುತ್ತಿದ್ದಂತೆಯೇ. ಇದು ಅಂಡಾಣು ಬಿಡುಗಡೆಯ ಸೂಚನೆಯೇ ಮೇಡಂ?

ಶಾರದಾ ಭಟ್

ಈಸ್ಟ್ರೊಜೆನ್ ಏರಿದೆ ಎಂಬುದರ ಸೂಚನೆ ಅದು. ಅಂಡಾಣು ಬಿಡುಗಡೆಯಾಗಿಯೇ ತೀರುತ್ತದೆ ಎಂದು ಅದರಿಂದ ಹೇಳಲಾಗದು, ಈ ಹಂತದಲ್ಲಿ ದೇಹ ಒಂದೆರಡು ಬಾರಿ ಪ್ರಯತ್ನಿಸಿ ಹಿಂದೆ ಸರಿಯುವುದೂ ಉಂಟು. ಬಿಡುಗಡೆಯಾಗಿದ್ದರೆ ಇನ್ನೆರಡು ವಾರದಲ್ಲಿ ಮುಟ್ಟಾಗುತ್ತದೆ. ಈಗಲೇ ಮಗು ಬೇಡವೆಂದಿದ್ದರೆ ಇವತ್ತಿನಿಂದಲೇ ಕಾಂಡೋಮ್ ಬಳಸಿ.

ಹೊಂಗಿರಣ

ಆಗಲಿ ಮೇಡಂ. ಎರಡು ವಾರ ಕಳೆದು, ಬಂದರೂ ಬಾರದಿದ್ದರೂ ಇಲ್ಲಿ ತಿಳಿಸುತ್ತೇನೆ.